ಎ ಸೆಕ್ಷನ್ ಗೆದ್ದರೆ ಹೊಸ ವಿಧಾನ ಗೆದ್ದಂತಾ? ಚೀಟಿ ಎತ್ತದೆ ಮಾಡಿದ ಶಿಕ್ಷಣ ಅಧ್ಯಯನವನ್ನು ಓದುವುದು ಹೇಗೆ

ಮಂಗಳೂರು, ಉಡುಪಿ ಕಡೆಯ ಹೈಸ್ಕೂಲ್ ಟೀಚರುಗಳು, ಎಂ.ಎಡ್. ಮಾಡುತ್ತಿರುವವರು ನನ್ನನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದೇ. "ಸರ್, ಈ ಪೇಪರಿನಲ್ಲಿ ಹೊಸ ಬೋಧನಾ ವಿಧಾನದಿಂದ ಮಾರ್ಕ್ಸ್ ಜಾಸ್ತಿ ಬಂತು ಅಂತ ಬರೆದಿದ್ದಾರೆ, ನಂಬಬಹುದಾ?" ಪೇಪರ್ ತೆರೆದು ನೋಡಿದರೆ ಹತ್ತರಲ್ಲಿ ಒಂಬತ್ತು ಸಲ ಕತೆ ಒಂದೇ ಇರುತ್ತದೆ. ಒಂದು ಶಾಲೆ, ಎರಡು ಸೆಕ್ಷನ್. ಒಂದಕ್ಕೆ ಹೊಸ ವಿಧಾನ, ಇನ್ನೊಂದಕ್ಕೆ ಮಾಮೂಲಿ ಪಾಠ. ಕೊನೆಗೆ ಒಂದು ಟೆಸ್ಟ್, ಒಂದು ಟೇಬಲ್, "ಹೊಸ ವಿಧಾನ ಪರಿಣಾಮಕಾರಿ" ಅನ್ನುವ ಸಾಲು.

ಇಂಥ ಅಧ್ಯಯನಕ್ಕೆ ಅರೆಪ್ರಯೋಗ ಅನ್ನುತ್ತಾರೆ. ಪೂರ್ತಿ ಪ್ರಯೋಗ ಅನ್ನಬೇಕಾದರೆ ಯಾವ ಮಗು ಯಾವ ಗುಂಪಿಗೆ ಅಂತ ಚೀಟಿ ಎತ್ತಿದ ಹಾಗೆ ಹಂಚಬೇಕು. ಶಾಲೆಯಲ್ಲಿ ಅದು ಆಗುವುದು ಕಷ್ಟ. ವರ್ಷದ ಮಧ್ಯೆ ಸೆಕ್ಷನ್ ಒಡೆಯಲು ಯಾವ ಹೆಡ್‌ಮಾಸ್ಟರೂ ಒಪ್ಪುವುದಿಲ್ಲ, ಒಪ್ಪಬೇಕಾಗಿಯೂ ಇಲ್ಲ. ಹಾಗಾಗಿ ಇದ್ದ ಸೆಕ್ಷನ್‌ಗಳನ್ನೇ ಇದ್ದ ಹಾಗೆ ತೆಗೆದುಕೊಳ್ಳುತ್ತಾರೆ. ಅದು ತಪ್ಪಲ್ಲ. ಆದರೆ ಓದುವವರು ಒಂದಿಷ್ಟು ಲೆಕ್ಕ ತಾವೇ ಮಾಡಬೇಕಾಗುತ್ತದೆ.

ಬೇಕಾದದ್ದು ಇಷ್ಟೇ: ಪೇಪರಿನ ಪ್ರಿಂಟ್, ಪೆನ್ಸಿಲ್, ಮೊಬೈಲಿನ ಕ್ಯಾಲ್ಕುಲೇಟರ್, ಒಂದು ಗಂಟೆ. ವರ್ಗಮೂಲದ ಬಟನ್ ಇರಲಿ.

ನಾನೊಂದು ಉದಾಹರಣೆ ಹೊಲಿದಿದ್ದೇನೆ. ಇದು ಯಾರದ್ದೂ ನಿಜವಾದ ಪೇಪರ್ ಅಲ್ಲ, ಅಂಕಿಗಳೆಲ್ಲ ಲೆಕ್ಕ ತೋರಿಸಲಿಕ್ಕೆ ನಾನೇ ಇಟ್ಟದ್ದು. ಉಡುಪಿ ಕಡೆಯ ಒಂದು ಹೈಸ್ಕೂಲ್ ಅಂದುಕೊಳ್ಳಿ. 9ನೇ ತರಗತಿ, ವಿಜ್ಞಾನ, ಚಲನೆಯ ಪಾಠ. ಎ ಸೆಕ್ಷನ್‌ನ 42 ಮಕ್ಕಳಿಗೆ ಪರಿಕಲ್ಪನಾ ನಕ್ಷೆ, ಅಂದರೆ ಪಾಠದ ಪರಿಕಲ್ಪನೆಗಳನ್ನು ಗೆರೆ ಎಳೆದು ಜೋಡಿಸುವ ಚಿತ್ರ, ಬಿಡಿಸಿಸಿ ಪಾಠ, ಬಿ ಸೆಕ್ಷನ್‌ನ 40 ಮಕ್ಕಳಿಗೆ ಮಾಮೂಲಿ ಪಾಠ. ಆರು ವಾರ. 40 ಮಾರ್ಕಿನ ಬಹು ಆಯ್ಕೆ ಟೆಸ್ಟ್, ಪಾಠಕ್ಕೆ ಮೊದಲು ಒಮ್ಮೆ, ಮುಗಿದ ಮೇಲೆ ಒಮ್ಮೆ.

ಎ ಸೆಕ್ಷನ್: ಪ್ರೀ-ಟೆಸ್ಟ್ ಸರಾಸರಿ 16.8, ಪೋಸ್ಟ್-ಟೆಸ್ಟ್ ಸರಾಸರಿ 26.4.
ಬಿ ಸೆಕ್ಷನ್: ಪ್ರೀ-ಟೆಸ್ಟ್ ಸರಾಸರಿ 15.1, ಪೋಸ್ಟ್-ಟೆಸ್ಟ್ ಸರಾಸರಿ 22.0.

ಮಾನಕ ವಿಚಲನೆ, ಅಂದರೆ ಮಕ್ಕಳ ಮಾರ್ಕ್ಸ್ ಸರಾಸರಿಯಿಂದ ಸುಮಾರು ಎಷ್ಟು ಆಚೀಚೆ ಹರಡಿದೆ ಅನ್ನುವ ಅಳತೆ, ಪ್ರೀ-ಟೆಸ್ಟಿನಲ್ಲಿ ಸುಮಾರು 5.3, ಪೋಸ್ಟ್-ಟೆಸ್ಟಿನಲ್ಲಿ 5.8. ಪೇಪರಿನ ಘೋಷಣೆ: "4.4 ಮಾರ್ಕಿನ ವ್ಯತ್ಯಾಸ, ಸಂಖ್ಯಾಶಾಸ್ತ್ರದ ಪ್ರಕಾರ ಮಹತ್ವದ್ದು." ಈ 4.4 ಅನ್ನು ನೆನಪಿಟ್ಟುಕೊಳ್ಳಿ. ಹಂತ ಹಂತವಾಗಿ ಅದಕ್ಕೆ ಏನಾಗುತ್ತದೆ ನೋಡೋಣ.

1. ಮಕ್ಕಳು ಆ ಸೆಕ್ಷನ್‌ಗೆ ಹೇಗೆ ಬಂದರು ಅಂತ ಹುಡುಕಿ

ಫಲಿತಾಂಶದ ಟೇಬಲ್ ನೋಡುವ ಮೊದಲು ಇದನ್ನು ಮಾಡಿ. ನೋಡಿದ ಮೇಲೆ ಮನಸ್ಸು ಒಂದು ಕಡೆಗೆ ವಾಲಿಬಿಡುತ್ತದೆ.

ಸಂಶೋಧನಾ ವಿಧಾನದ ಪಾಠದಲ್ಲಿ ಈ ಚಿತ್ರ ನೋಡಿಯೇ ಇರುತ್ತೀರಿ. ಕ್ಯಾಂಪ್‌ಬೆಲ್ ಮತ್ತು ಸ್ಟ್ಯಾನ್ಲಿ 1963ರಲ್ಲಿ ಬಳಸಿದ ಗುರುತುಗಳು ಇವು:

```
O1   X   O2
- - - - - -
O1       O2
```

`O` ಅಂದರೆ ಟೆಸ್ಟ್, `X` ಅಂದರೆ ಹೊಸ ವಿಧಾನ. ಎಲ್ಲರೂ `X` ನೋಡುತ್ತಾರೆ, ನಡುವಿನ ತುಂಡು ಗೆರೆಯನ್ನು ಯಾರೂ ನೋಡುವುದಿಲ್ಲ. ಮಕ್ಕಳನ್ನು ಚೀಟಿ ಎತ್ತಿ ಹಂಚಿಲ್ಲ, ಗುಂಪುಗಳು ಮೊದಲೇ ಬೇರೆ ಬೇರೆ ಇದ್ದವು ಅಂತ ಹೇಳುವುದು ಆ ಗೆರೆಯೇ.

ಹೇಗೆ ಬೇರೆ? ನಮ್ಮ ಕಡೆ ಇದಕ್ಕೆ ಸಾಮಾನ್ಯ ಉತ್ತರ ಪ್ರಥಮ ಭಾಷೆ. ಎಷ್ಟೋ ಶಾಲೆಗಳಲ್ಲಿ ಸಂಸ್ಕೃತ ತೆಗೆದುಕೊಂಡವರು ಒಂದು ಸೆಕ್ಷನ್, ಕನ್ನಡ ತೆಗೆದುಕೊಂಡವರು ಇನ್ನೊಂದು. ಟೈಮ್‌ಟೇಬಲ್‌ಗೆ ಅದು ಸುಲಭ. ಆದರೆ ಎಸ್ಸೆಸ್ಸೆಲ್ಸಿಯಲ್ಲಿ ಪ್ರಥಮ ಭಾಷೆಗೆ 125 ಮಾರ್ಕು, ಸಂಸ್ಕೃತದಲ್ಲಿ ಸ್ಕೋರ್ ಮಾಡಬಹುದು ಅಂತ 8ನೇ ತರಗತಿಯಲ್ಲೇ ಲೆಕ್ಕ ಹಾಕುವ ಮನೆಯ ಮಕ್ಕಳು ಒಂದೇ ಸೆಕ್ಷನ್‌ನಲ್ಲಿ ಸೇರಿಬಿಡುತ್ತಾರೆ. ಅಂಥ ಮನೆಯಲ್ಲಿ ವಿಜ್ಞಾನಕ್ಕೆ ಟ್ಯೂಷನ್ನೂ ಇರುವ ಸಂಭವ ಜಾಸ್ತಿ ಅಲ್ವಾ? ಭಾಷೆಗೂ ಚಲನೆಯ ಪಾಠಕ್ಕೂ ನೇರ ಸಂಬಂಧ ಇಲ್ಲದಿದ್ದರೂ ಹಿಂಬಾಗಿಲಿನಿಂದ ಸಂಬಂಧ ಬಂದುಬಿಡುತ್ತದೆ. ನಮ್ಮ ಉದಾಹರಣೆಯಲ್ಲಿ ಎ ಸೆಕ್ಷನ್ ಸಂಸ್ಕೃತದ್ದು ಅಂದುಕೊಳ್ಳಿ.

ಹೆಸರಿನ ಅಕ್ಷರಮಾಲೆ ಪ್ರಕಾರ ಹಂಚಿದ್ದರೆ ಅಷ್ಟು ಭಯ ಇಲ್ಲ. ಎರಡು ಬೇರೆ ಶಾಲೆಗಳಾದರೆ ಅನುಮಾನ ಹೆಚ್ಚಿಸಿ. ಮಕ್ಕಳೇ ಅಥವಾ ಅಪ್ಪ ಅಮ್ಮಂದಿರೇ ಇಷ್ಟಪಟ್ಟು ಹೊಸ ವಿಧಾನಕ್ಕೆ ಸೇರಿದ್ದರೆ ಇನ್ನೂ ಹೆಚ್ಚಿಸಿ, ಯಾಕೆಂದರೆ ಆಸಕ್ತಿ ಅನ್ನುವುದು ಯಾವ ಟೇಬಲ್‌ನಲ್ಲೂ ಕಾಣುವುದಿಲ್ಲ.

ಎಚ್ಚರಿಕೆ: ಕಡಿಮೆ ಮಾರ್ಕ್ಸ್ ಬಂದವರನ್ನೇ ಆರಿಸಿ ರೆಮಿಡಿಯಲ್ ಕ್ಲಾಸ್ ಕೊಟ್ಟ ಅಧ್ಯಯನಗಳಿಗೆ ಒಂದು ವಿಶೇಷ ಕಾಯಿಲೆ ಇದೆ. ಒಂದು ಟೆಸ್ಟಿನಲ್ಲಿ ತೀರಾ ಕಡಿಮೆ ತೆಗೆದವರಲ್ಲಿ ಕೆಲವರಿಗೆ ಅವತ್ತು ಜ್ವರ ಇತ್ತು, ಕೆಲವರು ಪ್ರಶ್ನೆ ತಪ್ಪು ಓದಿದ್ದರು. ಮುಂದಿನ ಟೆಸ್ಟಿನಲ್ಲಿ ಅವರು ತಾವಾಗಿಯೇ ಸ್ವಲ್ಪ ಮೇಲೆ ಬರುತ್ತಾರೆ. ಸರಾಸರಿಯ ಕಡೆಗೆ ಜಾರುವುದು ಅನ್ನಿ ಇದಕ್ಕೆ. ಎಷ್ಟು ಜಾರಬಹುದು ಅಂತ ಲೆಕ್ಕ ಹಾಕಬಹುದು:

```
ನಿರೀಕ್ಷಿತ = ಸರಾಸರಿ + r × (ಅವರ ಮಾರ್ಕು − ಸರಾಸರಿ)
```

`r` ಅಂದರೆ ಎರಡು ಟೆಸ್ಟುಗಳ ನಡುವಿನ ಸಹಸಂಬಂಧ, ಒಂದರಲ್ಲಿ ಮುಂದಿದ್ದವರು ಇನ್ನೊಂದರಲ್ಲೂ ಎಷ್ಟರ ಮಟ್ಟಿಗೆ ಮುಂದಿರುತ್ತಾರೆ ಅನ್ನುವ ಅಳತೆ. 50ಕ್ಕೆ ತರಗತಿಯ ಸರಾಸರಿ 28, ಆರಿಸಿದ ಮಕ್ಕಳ ಸರಾಸರಿ 18, `r` 0.6 ಅಂತಿಟ್ಟುಕೊಳ್ಳಿ. 28 − 0.6 × 10, ಅಂದರೆ 22. ಯಾರೂ ಏನೂ ಮಾಡದೆಯೇ 4 ಮಾರ್ಕು ಏರಿತು! ಹಾಗಾಗಿ ಕಡಿಮೆ ಮಾರ್ಕಿನವರನ್ನು ಮಾತ್ರ ತೆಗೆದುಕೊಂಡು, ಹೋಲಿಕೆಗೆ ಅಂಥದ್ದೇ ಇನ್ನೊಂದು ಗುಂಪು ಇಲ್ಲದ ಅಧ್ಯಯನ ಸಿಕ್ಕಿದರೆ ಮೊದಲು ಈ ಲೆಕ್ಕ ಮಾಡಿ, ಆಮೇಲೆ ಮುಂದೆ ಓದಿ.

2. ಪ್ರೀ-ಟೆಸ್ಟಿನ ವ್ಯತ್ಯಾಸವನ್ನು ನೀವೇ ಅಳೆಯಿರಿ

ನಮ್ಮ ಪೇಪರಿನಲ್ಲಿ ಒಂದು ಸಾಲು ಇರುತ್ತದೆ: "ಪ್ರೀ-ಟೆಸ್ಟಿನಲ್ಲಿ ಎರಡೂ ಗುಂಪುಗಳ ನಡುವೆ ಮಹತ್ವದ ವ್ಯತ್ಯಾಸ ಇರಲಿಲ್ಲ, ಆದ್ದರಿಂದ ಗುಂಪುಗಳು ಸಮಾನ." ಇಷ್ಟು ಓದಿ ಎಲ್ಲರೂ ಮುಂದೆ ಹೋಗುತ್ತಾರೆ. ನೀವು ಹೋಗಬೇಡಿ.

ಆ ಸಾಲಿನ ಹಿಂದೆ ಇರುವುದು ಎರಡು ಸರಾಸರಿಗಳನ್ನು ಹೋಲಿಸುವ ಟಿ-ಟೆಸ್ಟ್. ಅದು ಹೇಳುವುದು "ಈ ವ್ಯತ್ಯಾಸ ಸುಮ್ನೆ ಆಕಸ್ಮಿಕವಾಗಿಯೂ ಬರಬಹುದಿತ್ತು" ಅಂತ ಮಾತ್ರ. ವ್ಯತ್ಯಾಸ ಇಲ್ಲ ಅಂತ ಅದು ಹೇಳುವುದಿಲ್ಲ. ಮಕ್ಕಳ ಸಂಖ್ಯೆ ಕಡಿಮೆ ಇದ್ದಷ್ಟೂ ದೊಡ್ಡ ವ್ಯತ್ಯಾಸ ಕೂಡ "ಮಹತ್ವದ್ದಲ್ಲ" ಅಂತ ಪಾಸಾಗುತ್ತದೆ. ಹಾಗಾಗಿ ವ್ಯತ್ಯಾಸದ ಗಾತ್ರ ನೋಡಿ. ಎರಡು ಸರಾಸರಿಗಳ ವ್ಯತ್ಯಾಸವನ್ನು ಮಾನಕ ವಿಚಲನೆಯಿಂದ ಭಾಗಿಸಿದರೆ ಆಯಿತು. ಇದಕ್ಕೆ ಪರಿಣಾಮದ ಗಾತ್ರ ಅನ್ನುತ್ತಾರೆ.

16.8 − 15.1 = 1.7. ಅದನ್ನು 5.3ರಿಂದ ಭಾಗಿಸಿದರೆ 0.32.

ಇದು ಸಣ್ಣದಾ ದೊಡ್ಡದಾ? ಅಮೆರಿಕದ ಶಿಕ್ಷಣ ಇಲಾಖೆಯ ವಾಟ್ ವರ್ಕ್ಸ್ ಕ್ಲಿಯರಿಂಗ್‌ಹೌಸ್ ಅನ್ನುವ ಸಂಸ್ಥೆ ಇಂಥ ಅಧ್ಯಯನಗಳನ್ನು ಜರಡಿ ಹಿಡಿಯಲಿಕ್ಕೆ ನಿಯಮ ಮಾಡಿದೆ. ಅವರ ನಿಯಮ ಸರಳ. ಆರಂಭದ ವ್ಯತ್ಯಾಸ 0.05ರ ಒಳಗಿದ್ದರೆ ಹಾಗೆಯೇ ಹೋಲಿಸಬಹುದು. 0.05ರಿಂದ 0.25ರವರೆಗೆ ಇದ್ದರೆ ಲೆಕ್ಕದಲ್ಲಿ ಸರಿಹೊಂದಿಸಲೇಬೇಕು. 0.25 ದಾಟಿದರೆ ಸರಿಹೊಂದಿಸಿದರೂ ಸಾಲದು, ಗುಂಪುಗಳು ಸಮಾನ ಅಲ್ಲ.

ನಮ್ಮದು 0.32. ಅವರ ಜರಡಿಯಲ್ಲಿ ಇದು ಇಲ್ಲೇ ನಿಂತಿತು. ಟಿ-ಟೆಸ್ಟ್ ಮಾಡಿದರೆ `t` ಸುಮಾರು 1.45 ಬರುತ್ತದೆ, ಅಂದರೆ "ಮಹತ್ವದ್ದಲ್ಲ". ಪೇಪರ್ ಸುಳ್ಳು ಹೇಳಿಲ್ಲ, ಆದರೆ ಗುಂಪುಗಳು ಸಮಾನವೂ ಅಲ್ಲ.

ನಾವು ಇಲ್ಲಿಗೇ ಬಿಡುವುದಿಲ್ಲ. ನಮಗೆ ಬೇಕಾದದ್ದು ಪಾಸು-ಫೇಲು ಅಲ್ಲ, ಈ ಪೇಪರಿನಲ್ಲಿ ಎಷ್ಟು ಹುರುಳಿದೆ ಅನ್ನುವುದು.

3. ಯಾವುದನ್ನು ಯಾವುದಕ್ಕೆ ಹೋಲಿಸಿದ್ದಾರೆ ನೋಡಿ

ಇದು ಬೇಗ ಮುಗಿಯುವ ಹಂತ. ಪೇಪರಿನಲ್ಲಿ "ಪ್ರಯೋಗ ಗುಂಪಿನ ಪ್ರೀ ಮತ್ತು ಪೋಸ್ಟ್ ಟೆಸ್ಟ್ ನಡುವೆ ಮಹತ್ವದ ವ್ಯತ್ಯಾಸ" ಅನ್ನುವ ಟೇಬಲ್ ಕಂಡರೆ ಅದರ ಮೇಲೆ ಗೀಟು ಹಾಕಿ. ಆರು ವಾರ ಪಾಠ ಮಾಡಿದರೆ ಯಾರಿಗಾದರೂ ಮಾರ್ಕ್ಸ್ ಏರಲೇಬೇಕು ಮಾರಾಯ್ರೆ. ನಮ್ಮ ಬಿ ಸೆಕ್ಷನ್ನೂ 6.9 ಏರಿದೆ.

ಇದರ ಅಣ್ಣ ಇನ್ನೊಂದಿದೆ. "ಹೊಸ ವಿಧಾನದ ಗುಂಪಿನಲ್ಲಿ ಏರಿಕೆ ಮಹತ್ವದ್ದು, ಹಳೆಯದರಲ್ಲಿ ಅಲ್ಲ, ಆದ್ದರಿಂದ ಹೊಸದು ಮೇಲು" ಅನ್ನುವುದು. ಒಂದು ಗುಂಪಿನ ಏರಿಕೆ ಮಹತ್ವದ ಗೆರೆ ದಾಟಿತು, ಇನ್ನೊಂದರದ್ದು ಸ್ವಲ್ಪದರಲ್ಲಿ ತಪ್ಪಿತು ಅಂದ ಮಾತ್ರಕ್ಕೆ ಅವೆರಡರ ನಡುವೆ ದೊಡ್ಡ ಅಂತರ ಇದೆ ಅಂತಲ್ಲ. ಎರಡು ಏರಿಕೆಗಳನ್ನು ನೇರವಾಗಿ ಒಂದಕ್ಕೊಂದು ಹೋಲಿಸಿದ ಲೆಕ್ಕ ಮಾತ್ರ ಕೆಲಸಕ್ಕೆ ಬರುತ್ತದೆ.

4. ಆರಂಭದ ವ್ಯತ್ಯಾಸ ಕಳೆದು ನೋಡಿ

ಎ ಸೆಕ್ಷನ್ ಓಟ ಶುರುವಾಗುವಾಗಲೇ 1.7 ಹೆಜ್ಜೆ ಮುಂದಿತ್ತು. ಅದನ್ನು ಕಳೆಯಲು ಎರಡು ದಾರಿ ಇವೆ.

ಮೊದಲನೆಯದು ಏರಿಕೆಯ ಲೆಕ್ಕ. ಎ ಏರಿದ್ದು 9.6, ಬಿ ಏರಿದ್ದು 6.9. ವ್ಯತ್ಯಾಸ 2.7 ಮಾರ್ಕು.

ಎರಡನೆಯದು ಆ್ಯಂಕೋವಾ, ಅಂದರೆ ಸಹವಿಚಲನೆ ವಿಶ್ಲೇಷಣೆ. ಹೆಸರು ಕೇಳಿ ಗಾಬರಿ ಬೇಡ. ಪ್ರೀ-ಟೆಸ್ಟಿನಲ್ಲಿ ಒಂದು ಮಾರ್ಕು ಮುಂದಿರುವ ಮಗು ಪೋಸ್ಟ್-ಟೆಸ್ಟಿನಲ್ಲಿ ಸಾಮಾನ್ಯವಾಗಿ ಎಷ್ಟು ಮುಂದಿರುತ್ತದೆ ಅಂತ ಮೊದಲು ಕಂಡುಕೊಳ್ಳುತ್ತಾರೆ. ಅದು 0.7 ಅಂತಿಟ್ಟುಕೊಳ್ಳಿ. ಆಗ 1.7ಕ್ಕೆ 0.7 ಗುಣಿಸಿ, ಬಂದ 1.2 ಅನ್ನು 4.4ರಿಂದ ಕಳೆಯುತ್ತಾರೆ. ಉಳಿದದ್ದು 3.2.

ಒಂದೇ ಡೇಟಾ, ಎರಡು ಉತ್ತರ: 2.7 ಮತ್ತು 3.2. ಯಾವುದು ಸರಿ? ಫ್ರೆಡ್ರಿಕ್ ಲಾರ್ಡ್ 1967ರಲ್ಲೇ ಇದನ್ನು ಎತ್ತಿ ತೋರಿಸಿದ, ಅವನ ಹೆಸರಲ್ಲೇ ಲಾರ್ಡ್ ವಿರೋಧಾಭಾಸ ಅನ್ನುತ್ತಾರೆ. ಚೀಟಿ ಎತ್ತಿ ಹಂಚಿದ ಪ್ರಯೋಗದಲ್ಲಿ ಗುಂಪುಗಳು ಹೆಚ್ಚುಕಡಿಮೆ ಒಂದೇ ಕಡೆಯಿಂದ ಶುರುವಾಗುವುದರಿಂದ ಈ ತಕರಾರು ದೊಡ್ಡದಾಗುವುದಿಲ್ಲ. ಇಲ್ಲಿ ಆಗುತ್ತದೆ.

ಕೆಲಸಕ್ಕೆ ಬರುವ ಒಂದು ತಿಳಿವಳಿಕೆ ಹೇಳುತ್ತೇನೆ. ಯಾವ ಟೆಸ್ಟೂ ಮಗುವಿನ ತಿಳಿವನ್ನು ಪೂರ್ತಿ ಸರಿಯಾಗಿ ಅಳೆಯುವುದಿಲ್ಲ. ಎಷ್ಟು ನಂಬಿಗಸ್ತವಾಗಿ ಅಳೆಯುತ್ತದೆ ಅನ್ನುವುದಕ್ಕೆ ವಿಶ್ವಸನೀಯತೆ ಅನ್ನುವ ಅಂಕಿ ಇದೆ, ಪೇಪರಿನಲ್ಲಿ ಕ್ರೋನ್‌ಬ್ಯಾಕ್ ಆಲ್ಫಾ ಅಂತ ಬರೆದಿರುತ್ತಾರೆ. ಟೆಸ್ಟಿನ ಅಳತೆಯಲ್ಲಿ ತಪ್ಪು ಜಾಸ್ತಿ ಇದ್ದಷ್ಟೂ ಆ 0.7ರಂಥ ಅಂಕಿ ಇರಬೇಕಾದದ್ದಕ್ಕಿಂತ ಸಣ್ಣದಾಗಿ ಬರುತ್ತದೆ, ಆಗ ಆ್ಯಂಕೋವಾ ಕಳೆಯಬೇಕಾದಷ್ಟು ಕಳೆಯುವುದಿಲ್ಲ, ಮೊದಲೇ ಮುಂದಿದ್ದ ಗುಂಪಿಗೆ ಲಾಭ ಉಳಿದುಬಿಡುತ್ತದೆ. ನಮ್ಮ ಟೆಸ್ಟಿನ ವಿಶ್ವಸನೀಯತೆ 0.7 ಅಂತಾದರೆ 0.7 ಅನ್ನು 0.7ರಿಂದ ಭಾಗಿಸಿ, 1 ಬರುತ್ತದೆ. ಆಗ ಪೂರ್ತಿ 1.7 ಕಳೆಯಬೇಕು, ಉತ್ತರ ಮತ್ತೆ 2.7. ಹೊಸ ವಿಧಾನ ಸಿಕ್ಕಿದ ಗುಂಪೇ ಮೊದಲಿಂದ ಮುಂದಿದ್ದರೆ, ಆ್ಯಂಕೋವಾದ ಉತ್ತರವನ್ನು ನಾನು ಯಾವತ್ತೂ ಒಂದಿಷ್ಟು ಉಬ್ಬಿದ್ದು ಅಂತಲೇ ಓದುತ್ತೇನೆ.

4.4 ಇದ್ದದ್ದು 2.7ಕ್ಕೆ ಬಂತು.

5. ಪ್ರೀ-ಟೆಸ್ಟ್ ನಿಜಕ್ಕೂ ಏನನ್ನು ಅಳೆಯಿತು?

ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದ ಹಂತ ಇದು, ಪೇಪರುಗಳಲ್ಲಿ ಚರ್ಚೆಯೇ ಆಗದ ಹಂತವೂ ಇದೇ.

ಪಾಠ ಆಗುವ ಮೊದಲೇ ಆ ಪಾಠದ ಮೇಲೆ ಟೆಸ್ಟ್ ಕೊಟ್ಟರೆ ಏನಾಗುತ್ತದೆ? ನಾಲ್ಕು ಆಯ್ಕೆಯ 40 ಪ್ರಶ್ನೆಗಳಿಗೆ ಕಣ್ಣುಮುಚ್ಚಿ ಟಿಕ್ ಹಾಕಿದರೂ ಸರಾಸರಿ 10 ಮಾರ್ಕು ಬರುತ್ತದೆ. ನಮ್ಮ ಮಕ್ಕಳು 15, 17ರ ಆಸುಪಾಸಿನಲ್ಲಿ ತೆಗೆದಿದ್ದಾರೆ. ಅಂದರೆ ಅದರಲ್ಲಿ ದೊಡ್ಡ ಪಾಲು ಊಹೆ. ಚುರುಕಿನ ಮಗುವಿಗೂ ನಿಧಾನದ ಮಗುವಿಗೂ ಕಲಿಸದೇ ಇದ್ದ ಪಾಠ ಗೊತ್ತಿರುವುದಿಲ್ಲ, ಹಾಗಾಗಿ ಇಬ್ಬರೂ ಹತ್ತಿರ ಹತ್ತಿರ ಕಾಣುತ್ತಾರೆ. ಅವರ ನಡುವಿನ ನಿಜವಾದ ವ್ಯತ್ಯಾಸ ಕಲಿಯುವ ವೇಗದಲ್ಲಿ, ಮನೆಯಲ್ಲಿ ಕೂತು ಓದುವುದರಲ್ಲಿ, ಟ್ಯೂಷನ್‌ನಲ್ಲಿ ಇದೆ. ಅದು ಕಾಣಿಸಿಕೊಳ್ಳುವುದು ಪಾಠ ಆದ ಮೇಲೆಯೇ. ಮಾಮೂಲಿ ಪಾಠ ಮಾಡಿದರೂ ಎರಡು ಸೆಕ್ಷನ್‌ಗಳ ಅಂತರ ಪ್ರೀ-ಟೆಸ್ಟಿಗಿಂತ ಪೋಸ್ಟ್-ಟೆಸ್ಟಿನಲ್ಲಿ ದೊಡ್ಡದಾಗುವುದು ಸಹಜ. ಆ ಹಿಗ್ಗುವಿಕೆಯನ್ನು ಹೊಸ ವಿಧಾನದ ಲೆಕ್ಕಕ್ಕೆ ಬರೆದುಬಿಟ್ಟರೆ ಮೋಸ ಹೋದ ಹಾಗೆ.

ಹಾಗಾದರೆ ಏನು ಮಾಡಬೇಕು? ಹಳೆಯ ಮಾರ್ಕ್ಸ್ ಹುಡುಕಿ. ಇದೇ ಮಕ್ಕಳು ಕಳೆದ ವರ್ಷ, ಎರಡೂ ಸೆಕ್ಷನ್‌ಗೆ ಮಾಮೂಲಿ ಪಾಠ ಆಗಿದ್ದಾಗ, ವಿಜ್ಞಾನದಲ್ಲಿ ಎಷ್ಟು ತೆಗೆದಿದ್ದರು? ನಮ್ಮಲ್ಲಿ ಎಫ್‌ಎ1ರಿಂದ ಎಸ್‌ಎ2ರವರೆಗೆ, ಅಂದರೆ ರೂಪಣಾತ್ಮಕ ಮತ್ತು ಸಂಕಲನಾತ್ಮಕ ಪರೀಕ್ಷೆಗಳ ಮಾರ್ಕ್ಸ್ ಎಲ್ಲ ಶಾಲೆಯ ರಿಜಿಸ್ಟರಿನಲ್ಲಿ ಇದ್ದೇ ಇರುತ್ತದೆ. ಸಂಶೋಧಕರಿಗೆ ಅದು ಕೈಗೆಟಕುವ ದೂರದಲ್ಲಿತ್ತು. ಪೇಪರಿನಲ್ಲಿ ಕೊಟ್ಟಿದ್ದರೆ ಒಳ್ಳೆಯದು. ಕೊಡದಿದ್ದರೆ ಲೇಖಕರಿಗೆ ಮೇಲ್ ಮಾಡಿ ಸೆಕ್ಷನ್‌ವಾರು ಸರಾಸರಿ ಕೇಳಿ, ಮಕ್ಕಳ ಹೆಸರು ಬೇಡ. ಎಫ್‌ಎ ಮಾರ್ಕುಗಳನ್ನು ಜಾಸ್ತಿ ನಂಬಬೇಡಿ, ಅದರಲ್ಲಿ ಚಟುವಟಿಕೆಗೆ ಉದಾರವಾಗಿ ಕೊಟ್ಟದ್ದೂ ಸೇರಿರುತ್ತದೆ. ಎಸ್‌ಎ2ರ ಲಿಖಿತ ಪರೀಕ್ಷೆ ಇದ್ದುದರಲ್ಲಿ ವಾಸಿ.

ನಮ್ಮ ಉದಾಹರಣೆಯಲ್ಲಿ 8ನೇ ತರಗತಿಯ ಎಸ್‌ಎ2 ವಿಜ್ಞಾನವನ್ನು ನೂರಕ್ಕೆ ಇಳಿಸಿದರೆ ಎ ಸೆಕ್ಷನ್ 8 ಮಾರ್ಕು ಮುಂದಿತ್ತು, ಮಾನಕ ವಿಚಲನೆ 16 ಅಂತಿಟ್ಟುಕೊಳ್ಳಿ. 8 ಭಾಗಿಸು 16, ಅಂದರೆ 0.5. ಹೊಸ ವಿಧಾನ ಏನೂ ಇಲ್ಲದೆಯೇ ಈ ಎರಡು ಸೆಕ್ಷನ್‌ಗಳ ನಡುವೆ ಇರುವ ಮಾಮೂಲಿ ಅಂತರ ಇದು.

ಈಗ ಪೋಸ್ಟ್-ಟೆಸ್ಟಿನ ಅಂತರ ನೋಡಿ. 4.4 ಭಾಗಿಸು 5.8, ಅಂದರೆ 0.76. ಅದರಲ್ಲಿ 0.5 ಹಳೆಯದೇ. ಉಳಿದದ್ದು 0.26, ಮಾರ್ಕಿನಲ್ಲಿ ಹೇಳುವುದಾದರೆ ಸುಮಾರು 1.5.

4.4 ಇದ್ದದ್ದು 2.7 ಆಗಿ, ಈಗ 1.5.

ಇಲ್ಲಿ ಬೇಸರ ಬೇಡ. ಪುಸ್ತಕಗಳಲ್ಲಿ 0.2 ಸಣ್ಣದು, 0.5 ಮಧ್ಯಮ, 0.8 ದೊಡ್ಡದು ಅಂತ ಕೋಹೆನ್ ಹೇಳಿದ ಅಳತೆ ಇರುತ್ತದೆ. ಆದರೆ ಮ್ಯಾಥ್ಯೂ ಕ್ರಾಫ್ಟ್ ಅನ್ನುವ ಸಂಶೋಧಕರು 2020ರಲ್ಲಿ, ಚೀಟಿ ಎತ್ತಿ ಹಂಚಿದ ಶಿಕ್ಷಣ ಪ್ರಯೋಗಗಳನ್ನು ನೋಡಿ, ಪ್ರಮಾಣೀಕೃತ ಪರೀಕ್ಷೆಗಳ ಮಟ್ಟಿಗೆ 0.20 ದಾಟಿದ್ದನ್ನೇ ದೊಡ್ಡ ಪರಿಣಾಮ ಅನ್ನಬೇಕು ಅಂತ ಸೂಚಿಸಿದ್ದಾರೆ. ಹಾಗಾಗಿ 0.26 ಕಡೆಗಣಿಸುವಂಥದ್ದಲ್ಲ. ಅನುಮಾನ ಹುಟ್ಟಬೇಕಾದದ್ದು 0.76 ನೋಡಿದಾಗ.

6. ತಲೆ ಎಣಿಸಬೇಡಿ, ಸೆಕ್ಷನ್ ಎಣಿಸಿ

ಪೇಪರ್ ಹೇಳುವುದು 82 ಮಕ್ಕಳು ಅಂತ. ಆದರೆ ಹೊಸ ವಿಧಾನ ಸಿಕ್ಕಿದ್ದು ಒಂದು ಸೆಕ್ಷನ್‌ಗೆ, ಸಿಗದೇ ಇದ್ದದ್ದು ಇನ್ನೊಂದಕ್ಕೆ. ನಿಜಕ್ಕೂ ಹೋಲಿಕೆ ನಡೆದದ್ದು ಒಂದಕ್ಕೆ ಒಂದು.

ಒಂದೇ ಸೆಕ್ಷನ್‌ನ ಮಕ್ಕಳು ಒಬ್ಬರಿಂದೊಬ್ಬರು ಸ್ವತಂತ್ರರಲ್ಲ. ಅದೇ ಟೀಚರ್, ಅದೇ ಪೀರಿಯಡ್, ಹಿಂದಿನ ಬೆಂಚಿನ ಅದೇ ಗಲಾಟೆ. ಹಾಗಾಗಿ 41ನೇ ಮಗು ಹೊಸದಾಗಿ ಕೊಡುವ ಮಾಹಿತಿ ಬಹಳ ಕಡಿಮೆ. ಎಷ್ಟು ಕಡಿಮೆ ಅಂತ ಅಂದಾಜು ಮಾಡಲು ಗುಂಪಿನೊಳಗಿನ ಸಾಮ್ಯ ಅನ್ನುವ ಅಂಕಿ ಬೇಕು, ಪೇಪರಿನಲ್ಲಿ `ICC` ಅಂತ ಇರುತ್ತದೆ. ಕೊಟ್ಟಿರದಿದ್ದರೆ ವಾಟ್ ವರ್ಕ್ಸ್ ಕ್ಲಿಯರಿಂಗ್‌ಹೌಸ್ ಕಲಿಕೆಯ ಫಲಿತಾಂಶಗಳಿಗೆ 0.20 ಅಂತ ಹಿಡಿಯುತ್ತದೆ. ಅದು ಸಾಲ ತಂದ ಅಂಕಿ, ನಮ್ಮ ಊರಿನ ಶಾಲೆಗೆ ಹೆಚ್ಚೋ ಕಡಿಮೆಯೋ ಇರಬಹುದು. ಆದರೂ ಸೊನ್ನೆ ಅಂತ ಹಿಡಿಯುವುದಕ್ಕಿಂತ ಎಷ್ಟೋ ವಾಸಿ.

```
1 + (ಸೆಕ್ಷನ್‌ನ ಸರಾಸರಿ ಮಕ್ಕಳ ಸಂಖ್ಯೆ − 1) × ICC
1 + (41 − 1) × 0.20 = 9
```

82 ಅನ್ನು 9ರಿಂದ ಭಾಗಿಸಿ. ಸುಮಾರು 9 ಮಕ್ಕಳು ಕೊಡುವಷ್ಟು ಮಾಹಿತಿ ಮಾತ್ರ ಈ ಪೇಪರಿನಲ್ಲಿದೆ!

ಇದು ಫಲಿತಾಂಶಕ್ಕೆ ಏನು ಮಾಡುತ್ತದೆ? 82 ಜನರನ್ನೂ ಸ್ವತಂತ್ರರು ಅಂತ ಹಿಡಿದರೆ 4.4ರ ಮಾನಕ ದೋಷ, ಅಂದರೆ ಆ ಅಂದಾಜು ಎಷ್ಟು ಅಲ್ಲಾಡಬಹುದು ಅನ್ನುವ ಅಳತೆ, 1.28. 4.4 ಅನ್ನು ಅದರಿಂದ ಭಾಗಿಸಿದರೆ `t` 3.4 ಬರುತ್ತದೆ, ಅಂದರೆ "ಮಹತ್ವದ್ದು", ಪೇಪರಿನವರಿಗೆ ಖುಷಿ. ಆದರೆ ಸರಿಯಾದ ಮಾನಕ ದೋಷ 9ರ ವರ್ಗಮೂಲದಷ್ಟು, ಅಂದರೆ ಮೂರು ಪಟ್ಟು ದೊಡ್ಡದು: 3.84. ಈಗ `t` 1.15, ಅಂದರೆ "ಮಹತ್ವದ್ದಲ್ಲ". ವ್ಯತ್ಯಾಸ ಎಲ್ಲಿ ಬೇಕಾದರೂ ಇರಬಹುದು, ಹೆಚ್ಚುಕಡಿಮೆ −3ರಿಂದ +12ರವರೆಗೆ. ಹಳೆಯ ಮಾರ್ಕ್ಸ್ ಲೆಕ್ಕಕ್ಕೆ ತಂದಾಗ ಸೆಕ್ಷನ್‌ಗಳ ಮಾಮೂಲಿ ಅಂತರದ ಒಂದು ಭಾಗ ಕಳೆದುಹೋಗುವುದರಿಂದ ಈ ಹರವು ಸ್ವಲ್ಪ ಕಿರಿದಾಗುತ್ತದೆ. ಎಷ್ಟು ಅಂತ ಎರಡೇ ಸೆಕ್ಷನ್ ಇಟ್ಟುಕೊಂಡು ಹೇಳಲಾಗುವುದಿಲ್ಲ.

ಒಂದಕ್ಕೆ ಒಂದು ಹೋಲಿಕೆಯಲ್ಲಿ ಇನ್ನೊಂದು ಗಂಟು, ಟೀಚರ್. ಎ ಸೆಕ್ಷನ್‌ಗೆ ಪಾಠ ಮಾಡಿದವರು ಯಾರು? ಎಷ್ಟೋ ಪೇಪರುಗಳಲ್ಲಿ ಸಂಶೋಧಕರೇ ಪ್ರಯೋಗ ಗುಂಪಿಗೆ ಪಾಠ ಮಾಡಿರುತ್ತಾರೆ, ಮಾಮೂಲಿ ಗುಂಪನ್ನು ಶಾಲೆಯ ಟೀಚರಿಗೆ ಬಿಟ್ಟಿರುತ್ತಾರೆ. ಆಗ ಗೆದ್ದದ್ದು ನಕ್ಷೆಯಾ, ಹುಮ್ಮಸ್ಸಿನಿಂದ ಬಂದ ಹೊಸ ಮೇಷ್ಟ್ರಾ ಅಂತ ಯಾವ ಸಂಖ್ಯಾಶಾಸ್ತ್ರವೂ ಬಿಡಿಸಿ ಹೇಳಲಾರದು. ಒಬ್ಬರೇ ಎರಡೂ ಕಡೆ ಪಾಠ ಮಾಡಿದ್ದರೆ ಅದು ಈ ಪೇಪರಿನ ದೊಡ್ಡ ಬಲ. ಆದರೂ ಯಾವ ವಿಧಾನ ಗೆಲ್ಲಬೇಕು ಅಂತ ಅವರ ಮನಸ್ಸಿನಲ್ಲಿರುವುದು ಮಕ್ಕಳಿಗೂ ಗೊತ್ತಾಗುತ್ತದೆ, ಅದು ಬೇರೆ ಮಾತು.

7. ಆ ಆರು ವಾರಗಳಲ್ಲಿ ಇನ್ನೇನಾಯಿತು?

ಪಾಠದ ಪೀರಿಯಡ್ ಎಷ್ಟು ಅಂತ ಎರಡೂ ಕಡೆಗೆ ಎಣಿಸಿ. ನಕ್ಷೆ ಬಿಡಿಸಲು ಎ ಸೆಕ್ಷನ್‌ಗೆ ವಾರಕ್ಕೆ ಒಂದು ಪೀರಿಯಡ್ ಹೆಚ್ಚು ಸಿಕ್ಕಿದ್ದರೆ, ಆ ಸಮಯದಲ್ಲಿ ಬಿ ಸೆಕ್ಷನ್ ಆಟಕ್ಕೆ ಹೋಗಿದ್ದರೆ, ನೀವು ಓದುತ್ತಿರುವುದು ಹೆಚ್ಚುವರಿ ಕ್ಲಾಸಿನ ಅಧ್ಯಯನ.

ಎರಡು ಶಾಲೆಗಳಲ್ಲಿ ಜೂನ್, ಜುಲೈಯಲ್ಲಿ ಮಾಡಿದ ಅಧ್ಯಯನವಾದರೆ ಮಳೆ ರಜೆ ಕೇಳಿ. ಇದು ತಮಾಷೆ ಅಲ್ಲ. ಶಾಂಭವಿ ನದಿಯ ಆಚೆ ಹೆಜಮಾಡಿ ಉಡುಪಿ ಜಿಲ್ಲೆ, ಈಚೆ ಮೂಲ್ಕಿ ದಕ್ಷಿಣ ಕನ್ನಡ. ಎರಡೂ ಕಡೆ ಒಂದೇ ಮಳೆ, ಆದರೆ ರಜೆ ಘೋಷಿಸುವ ಡಿಸಿ ಬೇರೆ ಬೇರೆ. ಒಂದು ಶಾಲೆಗೆ ನಾಲ್ಕು ದಿನ ಹೆಚ್ಚು ಪಾಠ ಸಿಕ್ಕಿರಬಹುದು, ಪೇಪರಿನಲ್ಲಿ "ಆರು ವಾರ" ಅಂತ ಮಾತ್ರ ಇರುತ್ತದೆ.

ಟೆಸ್ಟ್ ತಯಾರಿಸಿದ್ದು ಯಾರು ಅಂತಲೂ ನೋಡಿ. ಸಂಶೋಧಕರೇ ಮಾಡಿದ ಟೆಸ್ಟಿನಲ್ಲಿ "ಈ ನಕ್ಷೆಯನ್ನು ಪೂರ್ಣಗೊಳಿಸಿ" ಅಂತ ಪ್ರಶ್ನೆ ಇದ್ದರೆ ಬಿ ಸೆಕ್ಷನ್‌ನ ಮಕ್ಕಳು ಅಂಥದ್ದನ್ನು ಮೊದಲ ಸಲ ನೋಡುತ್ತಿರುತ್ತಾರೆ. ಪೇಪರಿನ ಕೊನೆಯಲ್ಲಿ ಪ್ರಶ್ನೆಪತ್ರಿಕೆ ಕೊಟ್ಟಿದ್ದರೆ ಓದಿ, ಅಂಥ ಪ್ರಶ್ನೆ ಎಷ್ಟಿವೆ ಎಣಿಸಿ. ಎರಡೂ ಟೆಸ್ಟ್ ಬರೆದವರನ್ನು ಮಾತ್ರ ಲೆಕ್ಕಕ್ಕೆ ಹಿಡಿದಿದ್ದರೆ, ಬಿಟ್ಟುಹೋದವರು ಯಾವ ಸೆಕ್ಷನ್‌ನವರು ಅಂತ ಕೇಳಿ. ಒಂದೇ ಸೆಕ್ಷನ್‌ನಲ್ಲಿ ಐದಾರು ಹಿಂದುಳಿದ ಮಕ್ಕಳು ಪೋಸ್ಟ್-ಟೆಸ್ಟ್ ದಿನ ಗೈರಾಗಿದ್ದರೆ ಆ ಸೆಕ್ಷನ್‌ನ ಸರಾಸರಿ ತಾನಾಗಿಯೇ ಏರುತ್ತದೆ.

8. ತೀರ್ಪು ಬರೆಯಿರಿ

ಎರಡು ಮೂರು ಸಾಲು ಸಾಕು, ಆದರೆ ಬರೆಯಿರಿ. ನಮ್ಮ ಪೇಪರಿಗೆ ನಾನು ಹೀಗೆ ಬರೆಯುತ್ತೇನೆ: "ಎ ಸೆಕ್ಷನ್ ಮೊದಲಿಂದಲೂ ಮುಂದಿತ್ತು. ಅದನ್ನು ಕಳೆದರೆ 40ಕ್ಕೆ ಸುಮಾರು 1.5 ಮಾರ್ಕಿನ ಲಾಭ ಉಳಿಯುತ್ತದೆ. ಒಂದು ಸೆಕ್ಷನ್‌ಗೆ ಒಂದು ಸೆಕ್ಷನ್ ಆದ್ದರಿಂದ ಅದೂ ಆಕಸ್ಮಿಕವಾಗಿರಬಹುದು. ವಿಧಾನ ಕೆಲಸ ಮಾಡುವುದಿಲ್ಲ ಅಂತಲೂ ಇದರಿಂದ ಹೇಳಲಾಗದು."

ಕೊನೆಯ ಸಾಲನ್ನು ಬಿಡಬೇಡಿ. ಈ ಲೆಕ್ಕ ಕಲಿತ ಹೊಸದರಲ್ಲಿ ಎಲ್ಲ ಪೇಪರನ್ನೂ ಕಸದ ಬುಟ್ಟಿಗೆ ಹಾಕುವ ಹುಮ್ಮಸ್ಸು ಬರುತ್ತದೆ, ನನಗೂ ಬಂದಿತ್ತು. ಪುರಾವೆ ಸಾಲದು ಅನ್ನುವುದು ಬೇರೆ, ವಿಧಾನ ಪ್ರಯೋಜನ ಇಲ್ಲ ಅನ್ನುವುದು ಬೇರೆ.

ಇನ್ನು, ನಿಮ್ಮ ಶಾಲೆಯಲ್ಲೇ ಪರೀಕ್ಷಿಸಿ ನೋಡುವ ಮನಸ್ಸಿದ್ದರೆ ಸೆಕ್ಷನ್ ಒಡೆಯದೆಯೂ ಒಂದು ದಾರಿ ಇದೆ. ಮೊದಲ ಪಾಠಕ್ಕೆ ಎ ಸೆಕ್ಷನ್‌ನಲ್ಲಿ ನಕ್ಷೆ, ಬಿ ಸೆಕ್ಷನ್‌ನಲ್ಲಿ ಮಾಮೂಲಿ. ಮುಂದಿನ ಪಾಠಕ್ಕೆ ಅದಲುಬದಲು ಮಾಡಿ, ಬಿ ಸೆಕ್ಷನ್‌ಗೆ ನಕ್ಷೆ, ಎ ಸೆಕ್ಷನ್‌ಗೆ ಮಾಮೂಲಿ. ಎರಡೂ ಕಡೆ ಒಬ್ಬರೇ ಟೀಚರ್ ಇರಲಿ, ಪ್ರಶ್ನೆಪತ್ರಿಕೆಯನ್ನು ಪಕ್ಕದ ಶಾಲೆಯ ವಿಜ್ಞಾನ ಟೀಚರಿಂದ ಮಾಡಿಸಿ. ವಿಧಾನದ ಬೆಲೆ ನಿಜಕ್ಕೂ 0.26 ಆಗಿದ್ದರೆ, ಮೊದಲ ಪಾಠದಲ್ಲಿ 0.76 ಇದ್ದ ಎ ಸೆಕ್ಷನ್‌ನ ಮುನ್ನಡೆ ಎರಡನೆಯದರಲ್ಲಿ 0.24ರ ಹತ್ತಿರಕ್ಕೆ ಇಳಿಯಬೇಕು. ಎರಡನೆಯದರಲ್ಲೂ 0.7ರ ಆಸುಪಾಸಿನಲ್ಲೇ ನಿಂತರೆ, ಮೊದಲ ಸಲ ನೀವು ಅಳೆದದ್ದು ನಕ್ಷೆಯನ್ನಲ್ಲ, ಎ ಸೆಕ್ಷನ್ ಅನ್ನೇ. ಎ ಸೆಕ್ಷನ್‌ನವರು ಒಮ್ಮೆ ಕಲಿತ ನಕ್ಷೆಯನ್ನು ಎರಡನೆಯ ಪಾಠದಲ್ಲೂ ತಾವಾಗಿಯೇ ಬಿಡಿಸುತ್ತಿದ್ದರೆ ಮಾತ್ರ ಈ ಲೆಕ್ಕ ಕೈಕೊಡುತ್ತದೆ. ಅದಕ್ಕೆ ಅವರ ನೋಟ್ಸ್ ಪುಸ್ತಕಗಳನ್ನು ಒಮ್ಮೆ ತಿರುವಿ ಹಾಕಿ.